ಗಾಡಿಯ ಚಕ್ರ ಅಂಡಾಕಾರವಾದಾಗ: ಆನ್‌ಲೈನ್, ಮೊಬೈಲ್ ಮತ್ತು ಶಾಲಾ ಪ್ರೊಜೆಕ್ಟರ್‌ಗೆ ವಿಡಿಯೊ ಎಕ್ಸ್‌ಪೋರ್ಟ್ ದೋಷ ನಿವಾರಣೆ

ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯ ಮಕ್ಕಳು ತಮ್ಮೂರಿನ ಆಲೆಮನೆಯ ಬಗ್ಗೆ 12 ನಿಮಿಷದ ಕಿರುಚಿತ್ರ ಮಾಡಿದ್ದರು. ಕಬ್ಬು ಕಡಿಯುವುದರಿಂದ ಹಿಡಿದು ಬೆಲ್ಲವನ್ನು ಅಚ್ಚಿಗೆ ಸುರಿಯುವವರೆಗೆ ಎಲ್ಲವೂ ಅದರಲ್ಲಿತ್ತು. ಹೆಚ್ಚಿನ ಭಾಗವನ್ನು ಬಾಡಿಗೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್‌ನಂತೆ ತೆಗೆದಿದ್ದರು. ಆಲೆಮನೆ ಯಜಮಾನರ ಸಂದರ್ಶನ ಮತ್ತು ವಿ.ಸಿ. ನಾಲೆಯ ಪಕ್ಕದ ಕಬ್ಬಿನ ಗದ್ದೆಯ ದೃಶ್ಯ ಮಾತ್ರ ಮೇಷ್ಟ್ರ ಮೊಬೈಲಿನಲ್ಲಿ ಆಗಿತ್ತು. ಶಾಲೆಯ ಗೋಡೆಯ ಮೇಲೆ ಮೊದಲ ಪ್ರದರ್ಶನ ಮುಗಿದ ಸಂಜೆಯೇ ಮೇಷ್ಟ್ರು ನನಗೆ ಫೋನ್ ಮಾಡಿ, "ಅಲ್ಲ ಸಾರ್, ಎಲ್ಲಾರೂ ಕಡ್ಡಿ ಕಡ್ಡಿ ಆಗೋಗವ್ರೆ, ಗಾಡಿ ಚಕ್ರ ಮೊಟ್ಟೆ ಥರ ಕಾಣ್ತದೆ" ಎಂದರು. ಯೂಟ್ಯೂಬಿಗೆ ಹಾಕಿದ ಪ್ರತಿಯಲ್ಲಿ ಚಿತ್ರದ ನಾಲ್ಕೂ ಕಡೆ ಕಪ್ಪು ಪಟ್ಟಿ ಬಂದಿತ್ತು. ಮೊಬೈಲಿನ ಲಂಬ ವಿಡಿಯೊಗಾಗಿ ಮಾಡಿದ ತುಣುಕಿನಲ್ಲಿ ಜನ ಇನ್ನೂ ಸಣಕಲಾಗಿದ್ದರು. ಇದರ ಜೊತೆಗೆ ಕಬ್ಬಿನ ಗದ್ದೆಯ ದೃಶ್ಯ ಎಲ್ಲ ಪ್ರತಿಗಳಲ್ಲೂ ಎಳೆದೆಳೆದು ನಿಂತಂತೆ ಓಡುತ್ತಿತ್ತು.

ನಾಲ್ಕು ದೂರುಗಳಿದ್ದರೂ ಮಕ್ಕಳು ಎಲ್ಲಕ್ಕೂ ಹುಡುಕಿದ ಪರಿಹಾರ ಒಂದೇ ಆಗಿತ್ತು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಒಂದೊಂದೇ ಅಂಕಿ ಬದಲಿಸಿ ಹೊಸ ಪ್ರತಿ ತೆಗೆಯುತ್ತಾ ಹೋಗಿದ್ದರು, ಫೋಲ್ಡರಿನಲ್ಲಿ ಹನ್ನೊಂದು "ಫೈನಲ್" ಫೈಲುಗಳಿದ್ದವು. ನಾನು ಮೊದಲು ಮಾಡಿದ್ದು ಎಕ್ಸ್‌ಪೋರ್ಟ್ ನಿಲ್ಲಿಸಿದ್ದು. ಏಕೆಂದರೆ ಚಿತ್ರದ ಆಕಾರ ಕೆಡಬಹುದಾದ ಜಾಗಗಳು ಮೂರಿವೆ: ಮೂಲ ಕ್ಲಿಪ್, ಟೈಮ್‌ಲೈನಿನಿಂದ ಫೈಲ್ ಆಗುವ ಹಂತ, ಮತ್ತು ಆ ಫೈಲನ್ನು ತೋರಿಸುವ ಪರದೆ. ಪರದೆಯಲ್ಲಿ ಹುಟ್ಟಿದ ದೋಷವನ್ನು ಫೈಲಿನಲ್ಲಿ ಸರಿಪಡಿಸಲು ಹೊರಟರೆ ಒಳ್ಳೆಯ ಫೈಲೂ ಕೆಡುತ್ತದೆ. ಈ ಶಾಲೆಯಲ್ಲಿ ಆದದ್ದೂ ಅದೇ.

ತಟ್ಟೆಯ ಪರೀಕ್ಷೆ

ದೋಷ ಎಲ್ಲಿದೆಯೆಂದು ತಿಳಿಯಲು ಬಿಸಿಯೂಟದ ಒಂದು ದುಂಡನೆಯ ಸ್ಟೀಲ್ ತಟ್ಟೆ ಸಾಕು. ಅದನ್ನು ಗೋಡೆಗೆ ಒರಗಿಸಿ ನೇರವಾಗಿ ನಿಲ್ಲಿಸಿ, ಕ್ಯಾಮೆರಾವನ್ನು ತಟ್ಟೆಯ ಮಧ್ಯಕ್ಕೆ ಸರಿಯಾಗಿ ಎದುರಾಗಿ ಅದೇ ಎತ್ತರದಲ್ಲಿಟ್ಟು, ಹತ್ತು ಸೆಕೆಂಡು ಚಿತ್ರೀಕರಿಸಬೇಕು. ಕ್ಯಾಮೆರಾ ಓರೆಯಾದರೆ ಪರೀಕ್ಷೆ ಕೆಡುತ್ತದೆ. ಅದಕ್ಕಾಗಿಯೇ ಚಿತ್ರದಲ್ಲಿದ್ದ ಬೆಲ್ಲದ ಕೊಪ್ಪರಿಗೆ ಎಷ್ಟೇ ದುಂಡಗಿದ್ದರೂ ಅಳತೆಗೆ ಬರುವುದಿಲ್ಲ, ಅದನ್ನು ಮೇಲಿನಿಂದ ಓರೆಯಾಗಿ ನೋಡಿದ್ದೇವೆ. ಪಕ್ಕದಿಂದ ನೇರವಾಗಿ ತೆಗೆದ ಗಾಡಿಯ ಚಕ್ರವಾದರೆ ನಡೆಯುತ್ತದೆ. ಈ ತುಣುಕನ್ನು ಕಿರುಚಿತ್ರ ಹಾದುಬಂದ ದಾರಿಯಲ್ಲೇ, ಅಂದರೆ ಅದೇ ಟೈಮ್‌ಲೈನ್, ಅದೇ ಎಕ್ಸ್‌ಪೋರ್ಟ್, ಅದೇ ಲ್ಯಾಪ್‌ಟಾಪ್ ಮತ್ತು ಅದೇ ಪ್ರೊಜೆಕ್ಟರಿನ ಮೂಲಕ ಕಳಿಸಿ, ಕೊನೆಯ ಪರದೆಯ ಮೇಲೆ ತಟ್ಟೆಯ ಅಗಲವನ್ನು ಎತ್ತರದಿಂದ ಭಾಗಿಸಬೇಕು.

ಫಲ 1 ಬಂದರೆ ಆಕಾರ ಸರಿಯಿದೆ. ಬೇರೆ ಏನಾದರೂ ಬಂದರೆ ಆ ಸಂಖ್ಯೆಯೇ ಏನಾಗಿದೆಯೆಂದು ಹೇಳುತ್ತದೆ, ಏಕೆಂದರೆ ಚಿತ್ರವನ್ನು ಹಿಗ್ಗಿಸುವ ಇಲ್ಲವೇ ಕುಗ್ಗಿಸುವ ಪ್ರಮಾಣವು ಅಗಲಕ್ಕೂ ಎತ್ತರಕ್ಕೂ ಇರುವ ಎರಡು ಅನುಪಾತಗಳ ಭಾಗಲಬ್ಧವೇ ಆಗಿರುತ್ತದೆ. 16:9 ಚಿತ್ರವನ್ನು 4:3 ಚೌಕಟ್ಟಿಗೆ ಅದುಮಿದರೆ 0.75 ಬರುತ್ತದೆ, ಇದರ ತಿರುಗುಮುರುಗಿಗೆ ಸುಮಾರು 1.33. 16:9 ಚಿತ್ರವನ್ನು 1280×800 ಪ್ರೊಜೆಕ್ಟರಿನ 16:10 ಚೌಕಟ್ಟಿಗೆ ಎಳೆದರೆ 0.9, ಇದು ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲ, ಮುಖಗಳು ಏಕೋ ಕೊಂಚ ಉದ್ದವಾದಂತೆ ಅನ್ನಿಸುತ್ತದೆ ಅಷ್ಟೇ. 16:9 ಅನ್ನು ನೇರವಾಗಿ ಲಂಬ 9:16 ಚೌಕಟ್ಟಿಗೆ ತುರುಕಿದರೆ ಸುಮಾರು 0.32.

ನಮ್ಮ ಗೋಡೆಯ ಮೇಲೆ ತಟ್ಟೆಯ ಅಗಲ 54 ಸೆಂ.ಮೀ., ಎತ್ತರ 72 ಸೆಂ.ಮೀ. ಇತ್ತು, ಭಾಗಿಸಿದರೆ 0.75. ಎಲ್ಲೋ 16:9 ಚಿತ್ರ 4:3 ಆಗುತ್ತಿದೆ ಎಂದು ಇದರಿಂದ ಖಚಿತವಾಯಿತು. ಆದರೆ ಎಲ್ಲಿ ಆಗುತ್ತಿದೆ ಎನ್ನುವುದು ಇನ್ನೂ ತಿಳಿಯಬೇಕಿತ್ತು.

ಫೈಲೇ ಕೆಟ್ಟಿದೆಯೇ, ಪರದೆಯೇ?

ಫೈಲು ತನ್ನ ಬಗ್ಗೆ ಏನು ಹೇಳುತ್ತದೆ ಎಂದು ಮೊದಲು ಕೇಳಬೇಕು. ಎಫ್‌ಎಫ್‌ಎಂಪೆಗ್ ಹಾಕಿಕೊಂಡಿರುವವರು ಈ ಆಜ್ಞೆಯನ್ನು ಬಳಸಬಹುದು:

```
ffprobe -v error -select_streams v:0 -show_entries stream=width,height,sample_aspect_ratio,display_aspect_ratio,r_frame_rate,avg_frame_rate -of default=nw=1 final.mp4
```

ಶಾಲೆಯಲ್ಲಿ ತೋರಿಸಿದ ಫೈಲಿಗೆ ಬಂದ ಉತ್ತರ ಇದು:

```
width=1024
height=768
sample_aspect_ratio=1:1
display_aspect_ratio=4:3
r_frame_rate=30/1
avg_frame_rate=30/1
```

ಮೂರನೆಯ ಸಾಲು 1:1 ಎಂದಿರುವುದರಿಂದ ಪಿಕ್ಸೆಲ್‌ಗಳು ಚೌಕವಾಗಿವೆ. ಹಳೆಯ ಟೇಪ್ ಕ್ಯಾಮೆರಾಗಳ 720×576 ಫೈಲುಗಳಲ್ಲಿ ಇಲ್ಲಿ ಬೇರೆ ಅನುಪಾತ ಇರುತ್ತದೆ, ಅದನ್ನು ಓದದ ಪ್ಲೇಯರಿನಲ್ಲಿ ಚಿತ್ರ ತಪ್ಪು ಆಕಾರದಲ್ಲಿ ಬರುತ್ತದೆ. ನಮ್ಮಲ್ಲಿ ಆ ತೊಡಕಿರಲಿಲ್ಲ. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಅದೇ ಫೈಲನ್ನು ತೆರೆದು ಸ್ಕೇಲ್ ಹಿಡಿದು ಅಳೆದರೆ ತಟ್ಟೆ ದುಂಡಗೇ ಇತ್ತು. ಹಾಗಾದರೆ ಎರಡನೆಯ ಹಂತದವರೆಗೆ ಆಕಾರ ಕೆಟ್ಟಿಲ್ಲ, ಗೋಡೆಗೆ ಹೋಗುವಾಗ ಕೆಡುತ್ತಿದೆ.

ಇದನ್ನು ದೃಢಪಡಿಸಲು ವಿಡಿಯೊವನ್ನೇ ಬಿಟ್ಟು, ಪೇಂಟ್‌ನಲ್ಲಿ ಶಿಫ್ಟ್ ಕೀ ಒತ್ತಿಕೊಂಡು ಒಂದು ಸರಿಯಾದ ವೃತ್ತ ಬಿಡಿಸಿ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಅದೂ ಗೋಡೆಯ ಮೇಲೆ ಮೊಟ್ಟೆಯಾಗಿತ್ತು. ಇಲ್ಲಿಗೆ ಎಕ್ಸ್‌ಪೋರ್ಟ್ ನಿರ್ದೋಷಿ ಎಂದಾಯಿತು. ಶಾಲೆಯ ಪ್ರೊಜೆಕ್ಟರ್ 1024×768ರದು, ಅಂದರೆ 4:3. ಲ್ಯಾಪ್‌ಟಾಪ್ ಅದಕ್ಕೆ 1280×720ರ 16:9 ಸಂಕೇತ ಕಳಿಸುತ್ತಿತ್ತು. ಪ್ರೊಜೆಕ್ಟರಿನ ಮೆನುವಿನಲ್ಲಿ ಆಸ್ಪೆಕ್ಟ್ ಎಂಬಲ್ಲಿ ಯಾರೋ "Full" ಎಂದು ಇಟ್ಟಿದ್ದರಿಂದ ಬಂದ ಸಂಕೇತವನ್ನೆಲ್ಲ ಅದು ತನ್ನ ಫಲಕ ತುಂಬುವಂತೆ ಹಿಗ್ಗಿಸುತ್ತಿತ್ತು. ಈ ಆಯ್ಕೆಗೆ ಒಂದೊಂದು ಪ್ರೊಜೆಕ್ಟರಿನಲ್ಲಿ ಒಂದೊಂದು ಹೆಸರಿರುತ್ತದೆ. "Auto" ಅಥವಾ "Normal" ಎಂದು ಬದಲಿಸಿದ ಕೂಡಲೇ ವೃತ್ತ ವೃತ್ತವಾಯಿತು. ರಿಮೋಟ್ ಕಳೆದುಹೋಗಿದ್ದರೆ (ಶಾಲೆಗಳಲ್ಲಿ ಕಳೆದೇ ಹೋಗಿರುತ್ತದೆ) ವಿಂಡೋಸ್‌ನ Display settings ಒಳಗೆ ಪ್ರೊಜೆಕ್ಟರನ್ನು ಆರಿಸಿ ಅದರ ರೆಸಲ್ಯೂಶನ್ ಅನ್ನು 1024×768ಕ್ಕೆ ಇಳಿಸಿದರೂ ಅದೇ ಫಲ ಸಿಗುತ್ತದೆ. ಆಗ 16:9 ಫೈಲನ್ನು ಪೂರ್ಣ ಪರದೆಯಲ್ಲಿ ತೆರೆದರೆ ಪ್ಲೇಯರ್ ಅದನ್ನು 1024×576ಕ್ಕೆ ಇಳಿಸಿ, ಮೇಲೆ 96 ಮತ್ತು ಕೆಳಗೆ 96 ಪಿಕ್ಸೆಲ್ ಕಪ್ಪು ಬಿಡುತ್ತದೆ. ಆ ಕಪ್ಪು ದೋಷವಲ್ಲ.

ಒಂದು ಎಚ್ಚರಿಕೆ ಇದೆ. ಪ್ರೊಜೆಕ್ಟರನ್ನು ಮೇಜಿನ ಮೇಲೆ ಓರೆಯಾಗಿಟ್ಟರೂ ವೃತ್ತ ಕೆಡುತ್ತದೆ, ಆದರೆ ಆಗ ಚಿತ್ರದ ಎಡ ಬಲ ಅಂಚುಗಳು ಸಮಾನಾಂತರವಾಗಿರದೆ ಮೇಲೆ ಅಗಲ, ಕೆಳಗೆ ಕಿರಿದು ಆಗಿರುತ್ತವೆ. ಅದು ಕೀಸ್ಟೋನ್ ಸಮಸ್ಯೆ. ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿಟ್ಟ ಮೇಲೆಯೇ ತಟ್ಟೆಯನ್ನು ಅಳೆಯಬೇಕು.

ನಾಲ್ಕು ಕಡೆಯ ಕಪ್ಪು ಎಲ್ಲಿಂದ ಬಂತು?

ಈಗ ಮಕ್ಕಳು ಮಾಡಿದ್ದು ಅರ್ಥವಾಗುತ್ತದೆ. ಅವರ ಮೊದಲ ಪ್ರತಿ 1920×1080 ಇತ್ತು, ಅದು ಸರಿಯೇ ಇತ್ತು. ಗೋಡೆಯ ಮೇಲೆ ಜನ ಸಣಕಲಾಗಿ ಕಂಡಿದ್ದರಿಂದ "ಪ್ರೊಜೆಕ್ಟರ್ 4:3, ಆದ್ದರಿಂದ ವಿಡಿಯೊವೂ 4:3 ಇರಬೇಕು" ಎಂದು ತೀರ್ಮಾನಿಸಿ, 1024×768ರ ಹೊಸ ಟೈಮ್‌ಲೈನ್ ತೆರೆದು ಎಲ್ಲವನ್ನೂ ಅದಕ್ಕೆ ಸುರಿದರು. ತಂತ್ರಾಂಶ ಚಿತ್ರದ ಆಕಾರವನ್ನು ಕಾಪಾಡಿ ಮೇಲೆ ಕೆಳಗೆ ಕಪ್ಪು ಹಾಕಿತು. ಆ ಕಪ್ಪು ಫೈಲಿನ ಒಳಗೇ ಅಚ್ಚಾಯಿತು. ಅದನ್ನು 16:9 ಸಂಕೇತ ಕಳಿಸುವ ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಪ್ಲೇಯರ್ ಎಡಬಲದಲ್ಲಿ ತನ್ನ ಕಪ್ಪನ್ನೂ ಸೇರಿಸಿತು, ಪ್ರೊಜೆಕ್ಟರ್ ಎಲ್ಲವನ್ನೂ ಮತ್ತೆ ಮುಕ್ಕಾಲಿಗೆ ಅದುಮಿತು. ತಟ್ಟೆ 0.75ರಲ್ಲೇ ಉಳಿಯಿತು, ಚಿತ್ರ ಮಾತ್ರ ಇನ್ನಷ್ಟು ಚಿಕ್ಕದಾಯಿತು.

ಯೂಟ್ಯೂಬಿಗೆ ಹೋದದ್ದೂ ಇದೇ ಫೈಲು. 1920×1080ರ ಪರದೆಯಲ್ಲಿ 4:3 ಫೈಲು 1440×1080 ಜಾಗ ಹಿಡಿಯುತ್ತದೆ, ಅದರೊಳಗಿನ ನಿಜವಾದ ಚಿತ್ರ 1440×810 ಮಾತ್ರ. ಅಗಲದಲ್ಲೂ ಎತ್ತರದಲ್ಲೂ ಮುಕ್ಕಾಲು, ಎಂದರೆ ಪರದೆಯ ವಿಸ್ತೀರ್ಣದಲ್ಲಿ ಶೇ. 56 ಅಷ್ಟೇ ಬಳಕೆಯಾಗುತ್ತದೆ.

ಕಪ್ಪು ಫೈಲಿನದೋ ಪ್ಲೇಯರಿನದೋ ಎಂದು ತಿಳಿಯಲು ವಿಡಿಯೊ ಕಿಟಕಿಯ ಅಂಚನ್ನು ಹಿಡಿದು ಅಗಲ, ಕಿರಿದು ಮಾಡಿ ನೋಡಬೇಕು. ಕಿಟಕಿಯ ಆಕಾರಕ್ಕೆ ತಕ್ಕಂತೆ ಬೆಳೆದು ಮಾಯವಾಗುವ ಪಟ್ಟಿ ಪ್ಲೇಯರಿನದು. ಚಿತ್ರದೊಂದಿಗೇ ಅಂಟಿಕೊಂಡು ಅದರ ಪ್ರಮಾಣದಲ್ಲೇ ಉಳಿಯುವ ಪಟ್ಟಿ ಫೈಲಿನದು. ಫೈಲಿನದ್ದಾದರೆ ಮತ್ತೆ ಟೈಮ್‌ಲೈನಿಗೆ ಹೋಗಿ ಮೂಲ ಆಕಾರದಲ್ಲಿ ಎಕ್ಸ್‌ಪೋರ್ಟ್ ಮಾಡುವುದೊಂದೇ ಸರಿಯಾದ ದಾರಿ. ಪ್ರಾಜೆಕ್ಟ್ ಅಳಿಸಿಹೋಗಿದ್ದರೆ `crop=1024:576:0:96` ಎಂದು ಪಟ್ಟಿಯನ್ನು ಕತ್ತರಿಸಬಹುದು, ಆದರೆ ಕೈಗೆ ಸಿಗುವುದು 1024×576ರ ಚಿತ್ರವೇ. ಕಳೆದ ವಿವರ ಮರಳುವುದಿಲ್ಲ. ಆದ್ದರಿಂದ ಯೂಟ್ಯೂಬಿಗೆ ಕೊಡುವ ಫೈಲಿನಲ್ಲಿ ಕಪ್ಪು ಪಟ್ಟಿ ಹಾಕಬಾರದು, ಅದರ ಪ್ಲೇಯರ್ ತನಗೆ ಬೇಕಾದಷ್ಟನ್ನು ತಾನೇ ಹಾಕಿಕೊಳ್ಳುತ್ತದೆ.

ಪಟ್ಟಿಯನ್ನು ಬೇಕೆಂದೇ ಅಚ್ಚು ಮಾಡಬಹುದಾದ ಸಂದರ್ಭವೂ ಒಂದಿದೆ. ಪೆನ್‌ಡ್ರೈವನ್ನು ಪ್ರೊಜೆಕ್ಟರಿಗೇ ಚುಚ್ಚಿ ತೋರಿಸುವಾಗ, ಅದರ ಒಳಗಿನ ಪ್ಲೇಯರ್ ಯಾವ ಆಯ್ಕೆಯನ್ನೂ ಕೊಡದೆ ಎಲ್ಲವನ್ನೂ 4:3ಕ್ಕೆ ಎಳೆಯುತ್ತಿದ್ದರೆ, ಆ ಒಂದು ಪ್ರೊಜೆಕ್ಟರಿಗಾಗಿ ಬೇರೆ ಪ್ರತಿ ಮಾಡಿ, ಹೆಸರಿನಲ್ಲೇ ಗುರುತು ಹಾಕಿ, ಬೇರೆಲ್ಲೂ ಬಳಸದಂತೆ ಇಡಬೇಕು:

```
ffmpeg -i master.mp4 -vf "scale=1024:576,pad=1024:768:0:96,setsar=1" -c:v libx264 -pix_fmt yuv420p -c:a aac projector_4x3.mp4
```

ಲಂಬ ತುಣುಕು

ಮೊಬೈಲಿನಲ್ಲಿ ನೋಡುವ ಲಂಬ ಪ್ರತಿಯಲ್ಲಿ ತಟ್ಟೆಯ ಅಗಲ 1.9 ಸೆಂ.ಮೀ., ಎತ್ತರ 4.5 ಸೆಂ.ಮೀ. ಇತ್ತು, ಅಂದರೆ 0.42. ನೇರವಾಗಿ 16:9ರಿಂದ ಎಳೆದಿದ್ದರೆ 0.32 ಬರಬೇಕಿತ್ತು. 0.42 ಎನ್ನುವುದು 4:3 ಚೌಕಟ್ಟನ್ನು 9:16ಕ್ಕೆ ಎಳೆದಾಗ ಬರುವ ಸಂಖ್ಯೆ. ಆದ್ದರಿಂದ ಈ ತುಣುಕು ಹುಟ್ಟಿದ್ದು ಆ 1024×768 ಫೈಲಿನಿಂದಲೇ ಎಂದು ಯಾರನ್ನೂ ಕೇಳದೆ ತಿಳಿಯಿತು. ಕಪ್ಪು ಪಟ್ಟಿಯನ್ನು ಹೋಗಲಾಡಿಸುವ ಆತುರದಲ್ಲಿ ಒಬ್ಬ ಹುಡುಗ ಡಾವಿಂಚಿ ರಿಸಾಲ್ವ್‌ನ ಸ್ಕೇಲಿಂಗ್ ಆಯ್ಕೆಯನ್ನು "Stretch frame to all corners" ಎಂದು ಇಟ್ಟಿದ್ದ. ಬೇರೆ ತಂತ್ರಾಂಶಗಳಲ್ಲೂ "Stretch" ಎಂಬ ಪದ ಇರುವ ಆಯ್ಕೆ ಇದೇ ಕೆಲಸ ಮಾಡುತ್ತದೆ. ಬೇಕಾದದ್ದು "Scale full frame with crop", ಅಂದರೆ ಚೌಕಟ್ಟು ತುಂಬುವವರೆಗೆ ಹಿಗ್ಗಿಸಿ ಹೊರಗೆ ಚಾಚಿದ್ದನ್ನು ಕತ್ತರಿಸುವುದು.

ಕತ್ತರಿಸುವುದಕ್ಕೂ ಬೆಲೆ ತೆರಬೇಕು. 1920×1080 ಚಿತ್ರದಿಂದ 9:16 ಪಟ್ಟಿ ತೆಗೆದರೆ ಸಿಗುವ ಅಗಲ ಸುಮಾರು 608 ಪಿಕ್ಸೆಲ್. ಚಿತ್ರದ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ, ಉಳಿದದ್ದನ್ನು 1080ರ ಅಗಲಕ್ಕೆ ಹಿಗ್ಗಿಸುವುದರಿಂದ ಕೊಂಚ ಮಂಕೂ ಆಗುತ್ತದೆ. ಮೊದಲೇ 3840×2160ರಲ್ಲಿ ಚಿತ್ರೀಕರಿಸಿದ್ದರೆ 1215 ಪಿಕ್ಸೆಲ್ ಅಗಲ ಸಿಗುತ್ತಿತ್ತು, ಹಿಗ್ಗಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಬೆಲ್ಲ ಕೈಯಾಡಿಸುತ್ತಾ ನಿಂತ ಆಳು, ಮಾತಾಡುವ ಯಜಮಾನರು ಲಂಬ ಚೌಕಟ್ಟಿಗೆ ಚೆನ್ನಾಗಿ ಹೊಂದಿದರು, ಪ್ರತಿ ಶಾಟ್‌ನಲ್ಲೂ ಪಟ್ಟಿಯನ್ನು ಎಡಕ್ಕೋ ಬಲಕ್ಕೋ ಸರಿಸಿ ಕೂರಿಸಿದರೆ ಸಾಕಾಯಿತು. ಕಬ್ಬು ತುಂಬಿದ ಗಾಡಿಗಳ ಸಾಲು ಮಾತ್ರ ಯಾವ ರೀತಿಯಲ್ಲೂ ಒಗ್ಗಲಿಲ್ಲ. ನಡುವೆ ಕತ್ತರಿಸಿದರೆ ಒಮ್ಮೆ ಎತ್ತಿನ ಬಾಲ, ಒಮ್ಮೆ ಚಕ್ರದ ಅರ್ಧ. ಅದನ್ನು ಪೂರ್ಣ ಅಗಲದಲ್ಲೇ ಮಧ್ಯದಲ್ಲಿಟ್ಟು, ಮೇಲಿನ ಖಾಲಿ ಜಾಗದಲ್ಲಿ ಶೀರ್ಷಿಕೆ ಬರೆಸಿದೆ. ಅಕ್ಷರಗಳನ್ನು ಕೆಳಭಾಗದಲ್ಲಿ ಹಾಕಬಾರದು, ಅಲ್ಲಿ ಮತ್ತು ಬಲ ಅಂಚಿನಲ್ಲಿ ಆ್ಯಪ್‌ನ ಬರಹ, ಗುಂಡಿಗಳು ಕೂತಿರುತ್ತವೆ.

ಕಬ್ಬಿನ ಗದ್ದೆಯ ನಡುಕ

ಆಕಾರ ಸರಿಯಾದ ಮೇಲೂ ನಾಲೆಯ ಪಕ್ಕದ ದೃಶ್ಯ ತಡವರಿಸುತ್ತಲೇ ಇತ್ತು. ಇದು ಅನುಪಾತದ ಮಾತಲ್ಲ, ಫ್ರೇಮ್ ರೇಟಿನದು. ಮೊಬೈಲನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತಾ ತೆಗೆದ ಶಾಟ್ ಅದು. ನೆಟ್ಟಗೆ ನಿಂತ ಕಬ್ಬಿನ ಜಲ್ಲೆಗಳ ಸಾಲು ಅಡ್ಡ ಚಲಿಸುವಾಗ ಒಂದು ಫ್ರೇಮ್ ತಪ್ಪಿದರೂ ಕಣ್ಣಿಗೆ ಬಡಿಯುತ್ತದೆ. ಕುಳಿತು ಮಾತಾಡುವ ಯಜಮಾನರ ಮುಖದಲ್ಲಿ ಅದೇ ತಪ್ಪು ಗೊತ್ತೇ ಆಗುವುದಿಲ್ಲ.

ಪತ್ತೆಹಚ್ಚಲು ವಿಡಿಯೊವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸಬೇಕು. ವಿಎಲ್‌ಸಿಯಲ್ಲಿ `E` ಕೀ, ನಿಲ್ಲಿಸಿದ ಯೂಟ್ಯೂಬ್ ವಿಡಿಯೊದಲ್ಲಿ ಚುಕ್ಕಿಯ ಕೀ ಈ ಕೆಲಸ ಮಾಡುತ್ತದೆ. ಒಂದು ಜಲ್ಲೆಯನ್ನು ಗುರುತಿಟ್ಟುಕೊಂಡು ಅದು ಪ್ರತಿ ಬಾರಿ ಎಷ್ಟು ಸರಿಯುತ್ತದೆ ಎಂದು ನೋಡಬೇಕು. ಪ್ರತಿ ಆರನೆಯ ಒತ್ತಿಗೆ ಜಲ್ಲೆ ಕದಲದೆ ನಿಂತರೆ, 25ರ ಟೈಮ್‌ಲೈನನ್ನು 30ಕ್ಕೆ ಎಕ್ಸ್‌ಪೋರ್ಟ್ ಮಾಡಲಾಗಿದೆ, ಸೆಕೆಂಡಿಗೆ ಐದು ಫ್ರೇಮ್‌ಗಳನ್ನು ತಂತ್ರಾಂಶ ನಕಲು ಮಾಡಿ ತುಂಬಿದೆ. ನಿಲ್ಲದೆ, ಐದು ಒತ್ತಿಗೊಮ್ಮೆ ಎರಡರಷ್ಟು ದೂರ ಜಿಗಿದರೆ, 30ರ ಕ್ಲಿಪ್ಪನ್ನು 25ರ ಟೈಮ್‌ಲೈನಿಗೆ ಹಾಕಿ ಆರಕ್ಕೊಂದು ಫ್ರೇಮ್ ಬಿಡಲಾಗಿದೆ.

ನಮ್ಮ ಫೈಲಿನಲ್ಲಿ ಎರಡೂ ಇದ್ದವು. ಮೊಬೈಲಿನ 30 ಮೊದಲು 25 ಆಗಿತ್ತು, ಆಮೇಲೆ ಎಕ್ಸ್‌ಪೋರ್ಟ್ ಪ್ರಿಸೆಟ್ಟಿನಲ್ಲಿ 30 ಇದ್ದುದರಿಂದ ಮತ್ತೆ 30 ಆಗಿತ್ತು. ಫೈಲಿನ ಅಂಕಿ ನೋಡಿದರೆ 30 ಒಳಗೆ, 30 ಹೊರಗೆ, ಎಲ್ಲ ಸರಿ ಎನ್ನಿಸುತ್ತದೆ. ಆದರೆ ನಡುವೆ ಸೆಕೆಂಡಿಗೆ ಐದು ನಿಜವಾದ ಫ್ರೇಮ್‌ಗಳು ಹೋಗಿ, ಐದು ನಕಲಿಗಳು ಬಂದು ಕೂತಿರುತ್ತವೆ. ಕ್ಯಾಮೆರಾದ ಶಾಟ್‌ಗಳಿಗೂ ಐದು ನಕಲಿಗಳು ಸೇರಿದ್ದವು, ಅಲ್ಲಿ ಚಲನೆ ಕಡಿಮೆ ಇದ್ದುದರಿಂದ ಯಾರೂ ದೂರಿರಲಿಲ್ಲ.

ಹೆಚ್ಚಿನ ಭಾಗ 25ರಲ್ಲಿ ಇದ್ದುದರಿಂದ ಟೈಮ್‌ಲೈನ್ 25, ಮೂರೂ ಎಕ್ಸ್‌ಪೋರ್ಟ್ 25 ಎಂದು ನಿಶ್ಚಯಿಸಿದೆವು. ಯೂಟ್ಯೂಬ್ ಚಿತ್ರೀಕರಿಸಿದ ದರದಲ್ಲೇ ಕೊಡಿ ಎನ್ನುತ್ತದೆ, 30ಕ್ಕೆ ಏರಿಸಬೇಕಾದ ಅಗತ್ಯ ಯಾವ ಕಡೆಯಿಂದಲೂ ಇಲ್ಲ. ರಿಸಾಲ್ವ್‌ನಲ್ಲಿ ಕ್ಲಿಪ್ ಹಾಕಿದ ಮೇಲೆ ಟೈಮ್‌ಲೈನಿನ ದರ ಬದಲಿಸಲು ಬರುವುದಿಲ್ಲ, ಆದ್ದರಿಂದ ಇದನ್ನು ಮೊದಲೇ ನಿರ್ಧರಿಸಬೇಕು. ಕಬ್ಬಿನ ಗದ್ದೆಯ ಶಾಟ್‌ನಲ್ಲಿ ಮಾತಿರಲಿಲ್ಲವಾಗಿ Clip Attributes ಒಳಗೆ ಅದರ ದರವನ್ನೇ 25 ಎಂದು ಬರೆದೆ. ಆಗ ಯಾವ ಫ್ರೇಮ್ ಕೂಡ ಬೀಳದೆ, ಹತ್ತು ಸೆಕೆಂಡಿನ ಶಾಟ್ ಹನ್ನೆರಡು ಸೆಕೆಂಡಾಗಿ ನಿಧಾನಕ್ಕೆ ಓಡುತ್ತದೆ. ಗಾಳಿಯ ಸದ್ದನ್ನು ಬೇರೆ ಶಾಟ್‌ನಿಂದ ತಂದು ಹಾಕಿದೆ. ಫ್ರೇಮ್‌ಗಳ ನಡುವೆ ಹೊಸದನ್ನು ಕಟ್ಟುವ ಆಪ್ಟಿಕಲ್ ಫ್ಲೋ ಆಯ್ಕೆಯನ್ನೂ ನೋಡಿದೆ. ಒಂದರ ಮೇಲೊಂದು ಬೀಳುವ ಕಬ್ಬಿನ ಗರಿಗಳಲ್ಲಿ ಅದು ಎಲೆಗಳನ್ನು ಕಲಸಿಬಿಟ್ಟಿತು.

ಯಜಮಾನರ ಸಂದರ್ಶನಕ್ಕೆ ನಿಧಾನ ಮಾಡುವಂತಿಲ್ಲ. ಅದರಲ್ಲಿ ಇನ್ನೊಂದು ತೊಂದರೆಯೂ ಇತ್ತು, ಕೊನೆಕೊನೆಗೆ ತುಟಿಗೂ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಮೊಬೈಲುಗಳು ಬೆಳಕು ಕಡಿಮೆಯಾದಾಗ ಫ್ರೇಮ್ ದರವನ್ನು ಏರಿಳಿಸುತ್ತವೆ. `ffprobe` ಉತ್ತರದಲ್ಲಿ `r_frame_rate` 30 ಎಂದೂ `avg_frame_rate` ಅದಕ್ಕಿಂತ ಕಡಿಮೆ ಎಂದೂ ಬಂದರೆ ಅದೇ ಸುಳಿವು. ನಮ್ಮದು ಸರಾಸರಿ 29.8 ಇತ್ತು. ಆರು ನಿಮಿಷಕ್ಕೆ 10,728 ಫ್ರೇಮ್. ಎಡಿಟಿಂಗ್ ತಂತ್ರಾಂಶ ಅದನ್ನು ಸರಿಯಾಗಿ 30 ಎಂದು ಓಡಿಸಿದರೆ ಚಿತ್ರ 357.6 ಸೆಕೆಂಡಿಗೇ ಮುಗಿಯುತ್ತದೆ, ಧ್ವನಿ 360 ಸೆಕೆಂಡು ಇರುತ್ತದೆ. ಎಡಿಟಿಂಗ್‌ಗೆ ಮುಂಚೆಯೇ ಕ್ಲಿಪ್ಪನ್ನು ಸ್ಥಿರ ದರಕ್ಕೆ ತಂದರೆ ಈ 2.4 ಸೆಕೆಂಡಿನ ಅಂತರ ಹುಟ್ಟುವುದಿಲ್ಲ:

```
ffmpeg -i interview.mp4 -vf fps=25 -c:v libx264 -crf 16 -c:a copy interview_25.mp4
```

ಸಂಜೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಒಂದು ಶಾಟ್‌ನಲ್ಲಿ ಅಡ್ಡ ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ಅದನ್ನು ಎಕ್ಸ್‌ಪೋರ್ಟ್ ದೋಷವೆಂದು ಎಣಿಸಬಾರದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ ನೂರು ಬಾರಿ ಮಿಣುಕುತ್ತದೆ, ಮೊಬೈಲಿನ ಶಟರ್ 1/60ರಲ್ಲಿತ್ತು. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟು ಮತ್ತೆ ತೆಗೆಯಬೇಕಷ್ಟೇ.

ಎಲ್ಲ ಸರಿಪಡಿಸಿದ ಮೇಲೆ ಮೂಲವಾಗಿ ಪಟ್ಟಿಯಿಲ್ಲದ 1920×1080, 25 ಫ್ರೇಮ್‌ನ ಒಂದು ಪ್ರತಿ ಉಳಿಯಿತು. ಯೂಟ್ಯೂಬಿಗೂ ಲ್ಯಾಪ್‌ಟಾಪ್ ಮೂಲಕ ಪ್ರೊಜೆಕ್ಟರಿಗೂ ಅದನ್ನೇ ಬಳಸಿದರು. ಲಂಬ ತುಣುಕನ್ನು ಅದೇ ಪ್ರಾಜೆಕ್ಟಿನ 1080×1920 ಟೈಮ್‌ಲೈನಿನಿಂದ ತೆಗೆದರು. ತಟ್ಟೆ ಮೂರೂ ಕಡೆ ದುಂಡಗಾಯಿತು. ಗೋಡೆಯ ಮೇಲೆ ಕಬ್ಬಿನ ಗದ್ದೆ ಸಾಗುವಾಗ ತೀರಾ ಸಣ್ಣ ಅಲುಗಾಟ ಉಳಿದಿದೆ ಎಂದು ಒಬ್ಬ ಹುಡುಗಿ ಗುರುತಿಸಿದಳು, ಅವಳು ಹೇಳಿದ್ದು ನಿಜ. ಆ ಪ್ರೊಜೆಕ್ಟರ್ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ, 25 ಫ್ರೇಮ್‌ಗಳು ಅದರಲ್ಲಿ ಸಮನಾಗಿ ಹಂಚಿಹೋಗದೆ ಕೆಲವು ಎರಡು ಬಾರಿ, ಕೆಲವು ಮೂರು ಬಾರಿ ನಿಲ್ಲುತ್ತವೆ. ಫೈಲನ್ನು 30 ಮಾಡಿದರೆ ಇದು ಹೋಗುವುದಿಲ್ಲ, ಮತ್ತೆ ಐದು ನಕಲಿಗಳು ಬರುತ್ತವೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಆಯ್ಕೆಗಳಲ್ಲಿ ಪ್ರೊಜೆಕ್ಟರಿಗೆ 50 ಹರ್ಟ್ಸ್ ಸಿಗುತ್ತದೆಯೇ ಎಂದು ಹುಡುಕಿದೆವು. ಅದರ ಪಟ್ಟಿಯಲ್ಲಿ 60 ಒಂದೇ ಇತ್ತು, ಹಾಗಾಗಿ ಆ ಅಲುಗಾಟವನ್ನು ಹಾಗೆಯೇ ಬಿಟ್ಟೆವು.